ಕಂಡೀಶನಲ್ ಆಫರ್ ಕೈಯಲ್ಲಿದೆ, ರಿಸಲ್ಟ್ ಮಾತ್ರ ತಡ: ಜುಲೈ 31 ದಾಟಿದರೆ ಏನು ಗತಿ?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಬಿ.ಇ. ಎಂಟನೇ ಸೆಮ್ ಪರೀಕ್ಷೆ ಮುಗಿಸಿದ್ದೇನೆ. ಯುಕೆಯ ಒಂದು ಯೂನಿವರ್ಸಿಟಿಯಿಂದ ಎಂ.ಎಸ್ಸಿ.ಗೆ ಕಂಡೀಶನಲ್ ಆಫರ್ ಬಂದಿದೆ, ಕೋರ್ಸ್ 2026ರ ಸೆಪ್ಟೆಂಬರ್ 21ಕ್ಕೆ ಶುರು. ಡಿಗ್ರಿಯಲ್ಲಿ ಒಟ್ಟು 60% ಬೇಕು, ಐಇಎಲ್‌ಟಿಎಸ್‌ನಲ್ಲಿ 6.5 ಬೇಕು, ಯಾವ ವಿಭಾಗದಲ್ಲೂ 6ಕ್ಕಿಂತ ಕಡಿಮೆ ಇರಬಾರದು. ಮೇ 30ರಂದು ಬರೆದ ಪರೀಕ್ಷೆಯಲ್ಲಿ ಒಟ್ಟು 6.5 ಬಂತು, ಆದರೆ ರೈಟಿಂಗ್ 5.5. ಕಂಡೀಶನ್ ಪೂರೈಸಲು ಜುಲೈ 31 ಕೊನೇ ದಿನ. ಫೈನಲ್ ರಿಸಲ್ಟ್ ಆಗಸ್ಟ್ ಎರಡನೇ ವಾರ ಅಂತಿದ್ದಾರೆ. ಡೆಪಾಸಿಟ್ ಕಟ್ಟಿಯಾಗಿದೆ. ಏಜೆಂಟ್ "ಏನೂ ಆಗಲ್ಲ, ಸುಮ್ನಿರಿ" ಅಂತಾರೆ. ಸುಮ್ನಿರಬಹುದಾ?

ಉತ್ತರ: ಬೇಡ, ಸುಮ್ನಿರಬೇಡಿ. ಇವತ್ತೇ ಯೂನಿವರ್ಸಿಟಿಯ ಅಡ್ಮಿಶನ್ಸ್ ವಿಭಾಗಕ್ಕೆ ನೀವೇ ಒಂದು ಮೇಲ್ ಹಾಕಿ, ಇವತ್ತೇ ರೈಟಿಂಗ್ ಮರುಪರೀಕ್ಷೆಯ ದಿನಾಂಕವನ್ನೂ ನೋಡಿ. ನಿಮ್ಮ ಮುಂದೆ ಎರಡು ಕಂಡೀಶನ್ ಇವೆ. ರಿಸಲ್ಟ್ ನಿಮ್ಮ ಕೈಯಲ್ಲಿಲ್ಲ, ಅದಕ್ಕೆ ಗಡುವು ಮುಂದಕ್ಕೆ ಹಾಕಿ ಅಂತ ಕೇಳಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಇಂಗ್ಲಿಷ್ ನಿಮ್ಮ ಕೈಯಲ್ಲಿದೆ, ಅದನ್ನು ಜುಲೈ ಒಳಗೆ ಮುಗಿಸಲೇಬೇಕು. ಎರಡೂ ಬಾಕಿ ಇಟ್ಟುಕೊಂಡು ಆಗಸ್ಟ್‌ಗೆ ಕಾಲಿಡುವವರೇ ಜಾಸ್ತಿ ಒದ್ದಾಡುವುದು.

ಮೊದಲು ಈ ಜುಲೈ 31 ಅಂದರೆ ಏನು ಅಂತ ನೋಡೋಣ. ಇದು ಯೂನಿವರ್ಸಿಟಿ ತನ್ನ ಸೀಟಿನ ಲೆಕ್ಕಕ್ಕೆ ಇಟ್ಟುಕೊಂಡಿರುವ ದಿನಾಂಕ. ಅಷ್ಟರೊಳಗೆ ನೀವು ಪೂರೈಸದಿದ್ದರೆ ಆ ಸೀಟನ್ನು ಬೇರೆಯವರಿಗೆ ಕೊಡುವ ಹಕ್ಕು ಅವರಿಗಿದೆ, ಅಷ್ಟೇ. ಆದರೆ ಇದರ ಹಿಂದೆ ಇನ್ನೂ ಎರಡು ದಿನಾಂಕ ಇರುತ್ತವೆ. ಹೆಚ್ಚಿನವರ ಆಫರ್ ಪತ್ರದಲ್ಲಿ ಅವು ಇರುವುದೇ ಇಲ್ಲ, ಯೂನಿವರ್ಸಿಟಿಯ ವೆಬ್‌ಸೈಟಿನಲ್ಲಿ ಎಲ್ಲೋ ಒಂದು ಪುಟದಲ್ಲಿ ಇರುತ್ತವೆ. ಒಂದು, ಕ್ಯಾಸ್ ಕೊಡುವ ಕೊನೇ ದಿನ. ಕ್ಯಾಸ್ ಅಂದರೆ ನಿಮ್ಮನ್ನು ಸೇರಿಸಿಕೊಳ್ಳುತ್ತೇವೆ ಅಂತ ಯೂನಿವರ್ಸಿಟಿ ಕೊಡುವ ಒಂದು ನಂಬರು, ಅದಿಲ್ಲದೆ ಸ್ಟೂಡೆಂಟ್ ವೀಸಾಗೆ ಅರ್ಜಿ ಹಾಕಲು ಆಗುವುದಿಲ್ಲ, ಮತ್ತು ಆಫರ್ ಅನ್‌ಕಂಡೀಶನಲ್ ಆಗದೆ ಅದು ಬರುವುದಿಲ್ಲ. ಇನ್ನೊಂದು, ಕ್ಯಾಂಪಸ್ಸಿಗೆ ಬಂದು ಸೇರಲು ಕೊನೇ ದಿನ. ಇದು ಕೋರ್ಸ್ ಶುರುವಾದ ಒಂದೆರಡು ವಾರದ ಒಳಗೇ ಇರುತ್ತದೆ. ಜುಲೈ 31 ಕೇಳಿದರೆ ಸರಿಯುತ್ತದೆ. ಈ ಎರಡು ಸರಿಯುವುದು ತುಂಬಾ ಕಷ್ಟ.

ಅದಕ್ಕೇ ಲೆಕ್ಕವನ್ನು ಹಿಂದಿನಿಂದ ಹಾಕಬೇಕು. ನಿಮ್ಮ ಯೂನಿವರ್ಸಿಟಿಯಲ್ಲಿ ಸೇರಲು ಕೊನೇ ದಿನ ಅಕ್ಟೋಬರ್ 2, ಕ್ಯಾಸ್‌ಗೆ ಕೊನೇ ದಿನ ಆಗಸ್ಟ್ 28 ಅಂತ ಇಟ್ಟುಕೊಳ್ಳೋಣ. (ನಿಮ್ಮದು ಬೇರೆ ಇರಬಹುದು, ನೋಡಿ ಬದಲಿಸಿಕೊಳ್ಳಿ.) ಭಾರತದಿಂದ ಹಾಕಿದ ವೀಸಾ ಅರ್ಜಿಗೆ, ಬೆರಳಚ್ಚು ಕೊಟ್ಟ ಮೇಲೆ, ಸಾಮಾನ್ಯವಾಗಿ 3 ವಾರ ಹಿಡಿಯುತ್ತದೆ. ಅಂದರೆ ಸೆಪ್ಟೆಂಬರ್ ಮೊದಲ ವಾರದಲ್ಲಿ ಬೆರಳಚ್ಚು ಕೊಟ್ಟರೆ ತಿಂಗಳ ಕೊನೆಗೆ ವಿಮಾನ ಹತ್ತಬಹುದು. ಜಾಸ್ತಿ ದುಡ್ಡು ಕಟ್ಟಿದರೆ 5 ಕೆಲಸದ ದಿನಗಳಲ್ಲಿ ತೀರ್ಮಾನ ಕೊಡುವ ಸೇವೆ ಇದೆ, ಆದರೆ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಎಲ್ಲರೂ ಅದಕ್ಕೇ ಮುಗಿಬೀಳುವುದರಿಂದ ಅದನ್ನೇ ನಂಬಿ ಕೂರಬೇಡಿ. ಈಗ ಈ ಕಡೆಯಿಂದ ಬನ್ನಿ. ರಿಸಲ್ಟ್ ಆಗಸ್ಟ್ 12, ಬುಧವಾರ ಬಂತು ಅನ್ನಿ. ಕಾಲೇಜಿನಿಂದ ಕಾಗದ ಹಿಡಿದು ಶುಕ್ರವಾರ 14ಕ್ಕೆ ಅಪ್‌ಲೋಡ್ ಮಾಡಿದಿರಿ. ಆ ಸಮಯದಲ್ಲಿ ಒಂದು ದಾಖಲೆ ನೋಡಲು ಅಡ್ಮಿಶನ್ಸ್‌ನವರು 5ರಿಂದ 10 ಕೆಲಸದ ದಿನ ತೆಗೆದುಕೊಳ್ಳುವುದು ಮಾಮೂಲಿ. 10 ದಿನ ಹಿಡಿದರೆ ಸರಿಯಾಗಿ ಆಗಸ್ಟ್ 28. ಅದರ ಮುಂದಿನ ಸೋಮವಾರ, 31ಕ್ಕೆ, ಇಂಗ್ಲೆಂಡಿನಲ್ಲಿ ಬ್ಯಾಂಕ್ ರಜೆ, ಆಫೀಸು ಮುಚ್ಚಿರುತ್ತದೆ.

ನೋಡಿ, ಆಗುತ್ತದೆ. ಆದರೆ ಅಲ್ಲಿ ಒಂದು ದಿನವೂ ಸಡಿಲ ಇಲ್ಲ. ಒಂದು ದಾಖಲೆ ಸರಿಯಿಲ್ಲ ಅಂತ ವಾಪಸ್ ಬಂದರೆ ಸಾಕು, ಈ ವರ್ಷ ಹೋಯಿತು. ಹಾಗಾಗಿ ದಾಖಲೆ ಯಾವುದು ಅನ್ನುವುದನ್ನು ಈಗಲೇ ಕೇಳಿ ಖಚಿತ ಮಾಡಿಕೊಳ್ಳಬೇಕು.

ಆಫರ್ ಪತ್ರದ ಕಂಡೀಶನ್ ಭಾಗವನ್ನು ಇನ್ನೊಮ್ಮೆ ನಿಧಾನಕ್ಕೆ ಓದಿ. "60% ಪಡೆಯಬೇಕು" ಅಂತಷ್ಟೇ ಇದೆಯೋ, "ಡಿಗ್ರಿ ಸರ್ಟಿಫಿಕೇಟ್ ಸಲ್ಲಿಸಬೇಕು" ಅಂತಲೂ ಇದೆಯೋ? ನಮ್ಮಲ್ಲಿ ಡಿಗ್ರಿ ಸರ್ಟಿಫಿಕೇಟ್ ಸಿಗುವುದು ಘಟಿಕೋತ್ಸವ ಆದ ಮೇಲೆ. ಅಲ್ಲಿ ಕೂತವರಿಗೆ ಇದು ಗೊತ್ತಿರುತ್ತದೆ, ಭಾರತದ ವಿದ್ಯಾರ್ಥಿಗಳನ್ನು ಅವರು ವರ್ಷವರ್ಷವೂ ನೋಡುತ್ತಾರೆ. ಹಾಗಾಗಿ ಪ್ರೊವಿಷನಲ್ ಡಿಗ್ರಿ ಸರ್ಟಿಫಿಕೇಟ್, ಅಂದರೆ ನಾವು ಪಿಡಿಸಿ ಅನ್ನುವುದು, ಮತ್ತು ಎಲ್ಲಾ ಸೆಮಿಸ್ಟರ್‌ಗಳ ಮಾರ್ಕ್ಸ್ ಕಾರ್ಡ್ ಸಾಕು ಅನ್ನುತ್ತಾರೆ. ಆದರೆ ಪಿಡಿಸಿಗೂ ರಿಸಲ್ಟ್ ಬಂದ ಮೇಲೆ ಅರ್ಜಿ ಹಾಕಬೇಕು, ಅದಕ್ಕೂ ದಿನ ಹಿಡಿಯುತ್ತದೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಇದು: ಎಂಟನೇ ಸೆಮ್ ರಿಸಲ್ಟ್ ಬಂದ ಕೂಡಲೇ, ಪಿಡಿಸಿ ಕೈಗೆ ಬರುವ ಮೊದಲು, ಯಾವ ಕಾಗದ ಕೊಟ್ಟರೆ ನೀವು ಆಫರನ್ನು ಅನ್‌ಕಂಡೀಶನಲ್ ಮಾಡುತ್ತೀರಿ? ಕೆಲವರು ಆನ್‌ಲೈನ್ ರಿಸಲ್ಟಿನ ಪ್ರತಿಗೆ ಕಾಲೇಜಿನ ಸೀಲು, ಪ್ರಿನ್ಸಿಪಾಲರ ಸಹಿ ಇದ್ದರೆ ಒಪ್ಪುತ್ತಾರೆ. ಕೆಲವರು ಕಾಲೇಜಿನ ಅಧಿಕೃತ ಮೇಲ್ ವಿಳಾಸದಿಂದ ನೇರ ಬರಬೇಕು ಅನ್ನುತ್ತಾರೆ. ಕೆಲವರು ಪಿಡಿಸಿ ಬಿಟ್ಟು ಬೇರೇನೂ ಒಪ್ಪುವುದಿಲ್ಲ. ಇದನ್ನು ಅವರಿಂದಲೇ ಬರಹದಲ್ಲಿ ಪಡೆದುಕೊಳ್ಳಿ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಎರಡು ವರ್ಷದ ಹಿಂದೆ ನನ್ನ ಹತ್ತಿರ ಬಂದಿದ್ದ ಒಬ್ಬ ಹುಡುಗನದ್ದು ಇದೇ ಕಥೆ. ರಿಸಲ್ಟ್ ಬಂದ ರಾತ್ರಿಯೇ ಮೊಬೈಲಿನಲ್ಲಿ ಸ್ಕ್ರೀನ್‌ಶಾಟ್ ತೆಗೆದು ಪೋರ್ಟಲ್‌ಗೆ ಹಾಕಿದ್ದ. ಒಳ್ಳೆಯ ಅಂಕ, ಕಂಡೀಶನ್‌ಗಿಂತ ಮೇಲೇ ಇತ್ತು. ಒಂಬತ್ತು ದಿನ ಆದ ಮೇಲೆ ಉತ್ತರ ಬಂತು, ಇದನ್ನು ಪರಿಗಣಿಸಲು ಆಗುವುದಿಲ್ಲ ಅಂತ. ಸ್ಕ್ರೀನ್‌ಶಾಟ್ ತೆರೆದು ನೋಡಿದರೆ ಅದರಲ್ಲಿ ಯುಎಸ್‌ಎನ್ ನಂಬರ್ ಇತ್ತು, ಹೆಸರು ಇರುವ ಸಾಲು ಮೇಲೆ ಕತ್ತರಿಸಿ ಹೋಗಿತ್ತು, ಯೂನಿವರ್ಸಿಟಿಯ ಹೆಸರೂ ಇರಲಿಲ್ಲ. ಅಲ್ಲಿರುವವರ ಕಣ್ಣಿಗೆ ಅದು ಯಾರದೋ ಅಂಕಪಟ್ಟಿ. ಮಾರನೇ ದಿನ ಕಾಲೇಜಿಗೆ ಹೋಗಿ ಪ್ರಿಂಟ್ ತೆಗೆಸಿ, ಸೀಲು ಹಾಕಿಸಿ, ಕಾಲೇಜಿನ ಮೇಲ್‌ನಿಂದ ಕಳಿಸಿದ ಮೇಲೆ ಮೂರೇ ದಿನದಲ್ಲಿ ಕೆಲಸ ಆಯಿತು. ಆದರೆ ಒಂಬತ್ತು ದಿನ ವ್ಯರ್ಥ, ಕ್ಯಾಸ್‌ನ ಗಡುವಿಗೆ ಎರಡು ದಿನ ಮಾತ್ರ ಉಳಿದಿತ್ತು. ಆ ಎರಡು ವಾರ ಆ ಮನೆಯಲ್ಲಿ ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ.

ಈಗ 60% ವಿಷಯ. ನಿಮ್ಮ ಮಾರ್ಕ್ಸ್ ಕಾರ್ಡಿನಲ್ಲಿ ಸಿಜಿಪಿಎ ಇರುತ್ತದೆ, ಅವರು ಕೇಳಿರುವುದು ಶೇಕಡಾ. ಸಿಜಿಪಿಎಯನ್ನು 10ರಿಂದ ಗುಣಿಸಿ ತಾವೇ ಲೆಕ್ಕ ಹಾಕಿಕೊಂಡು ನಿಶ್ಚಿಂತೆಯಾಗಿರುವವರು ಬಹಳ ಜನ. ಅದು ಯಾವಾಗಲೂ ಸರಿಯಲ್ಲ. ಉದಾಹರಣೆಗೆ ವಿಟಿಯುನ 2018ರ ಸ್ಕೀಮ್‌ನಲ್ಲಿ ಸಿಜಿಪಿಎಯಿಂದ 0.75 ಕಳೆದು ಆಮೇಲೆ 10ರಿಂದ ಗುಣಿಸಬೇಕು. 6.7 ಇದ್ದವರು 67% ಅಂದುಕೊಂಡಿರುತ್ತಾರೆ, ಈ ಲೆಕ್ಕದಲ್ಲಿ ಅದು 59.5%. ಕಂಡೀಶನ್ 60 ಇದ್ದರೆ ಅರ್ಧ ಅಂಕಕ್ಕೆ ತಪ್ಪಿತು. ನಿಮ್ಮ ಸ್ಕೀಮ್ ಯಾವುದು, ಅದಕ್ಕೆ ಯಾವ ಸೂತ್ರ ಅಂತ ಕಾಲೇಜಿನ ಪರೀಕ್ಷಾ ವಿಭಾಗದಲ್ಲಿ ಕೇಳಿ. ಅಷ್ಟೇ ಮುಖ್ಯವಾದ್ದು, ಆ ಯೂನಿವರ್ಸಿಟಿ ಯಾವುದನ್ನು ನೋಡುತ್ತದೆ ಅಂತ ಅವರನ್ನೂ ಕೇಳಿ. ಕೆಲವರು ಸಿಜಿಪಿಎಯನ್ನೇ ನೇರವಾಗಿ ನೋಡುತ್ತಾರೆ, ಕೆಲವರು ಶೇಕಡಾಕ್ಕೆ ಬದಲಿಸಿದ ಪತ್ರ ಕೇಳುತ್ತಾರೆ. ಏಳು ಸೆಮ್‌ಗಳ ಮಾರ್ಕ್ಸ್ ಕಾರ್ಡ್ ಇಟ್ಟುಕೊಂಡು, ಎಂಟನೇ ಸೆಮ್‌ನಲ್ಲಿ ಎಷ್ಟು ಬಂದರೆ ದಾಟುತ್ತೀರಿ ಅಂತ ಇವತ್ತೇ ಲೆಕ್ಕ ಹಾಕಬಹುದು. ಅಂಚಿನಲ್ಲಿದ್ದರೆ ಈಗಲೇ ಗೊತ್ತಾಗಲಿ.

ಇನ್ನು ರೈಟಿಂಗ್. ಒಟ್ಟು 6.5 ಇದೆಯಲ್ಲ, 5.5ನ್ನು ಬಿಟ್ಟುಬಿಡುತ್ತಾರೇನೋ ಅಂತ ಆಸೆ ಇದ್ದರೆ ಅದನ್ನು ಬಿಡಿ. ಯಾವ ವಿಭಾಗದಲ್ಲೂ 6ಕ್ಕಿಂತ ಕಡಿಮೆ ಇರಬಾರದು ಅಂತ ಬರೆದಿದ್ದರೆ ಅದೊಂದು ಬೇರೆಯೇ ಕಂಡೀಶನ್, ಒಟ್ಟು ಎಷ್ಟೇ ಬಂದಿರಲಿ. ನಿಮಗೆ ಒಳ್ಳೆಯ ದಾರಿ ಒಂದಿದೆ. ಕಂಪ್ಯೂಟರ್‌ನಲ್ಲಿ ಐಇಎಲ್‌ಟಿಎಸ್ ಬರೆದವರು ಒಂದೇ ವಿಭಾಗವನ್ನು ಮತ್ತೆ ಬರೆಯಬಹುದು, ಅದಕ್ಕೆ ಒನ್ ಸ್ಕಿಲ್ ರೀಟೇಕ್ ಅಂತಾರೆ. ಮೊದಲ ಪರೀಕ್ಷೆ ಆದ 60 ದಿನದ ಒಳಗೆ ಬರೆಯಬೇಕು, ಒಂದು ಸಲ ಮಾತ್ರ. ನಿಮ್ಮದು ಮೇ 30, ಹಾಗಾದರೆ ಜುಲೈ 29 ಕೊನೆ. ಅಷ್ಟು ದೂರ ಹೋಗಬೇಡಿ, ಜುಲೈ ಮಧ್ಯದ ಒಳಗೆ ಒಂದು ದಿನ ಬುಕ್ ಮಾಡಿ. ಫಲಿತಾಂಶ ಕೆಲವೇ ದಿನಗಳಲ್ಲಿ ಬರುತ್ತದೆ. ಹಳೆಯ ಮೂರು ಅಂಕ ಹಾಗೇ ಉಳಿದು, ಹೊಸ ರೈಟಿಂಗ್ ಅಂಕ ಸೇರಿ ಹೊಸ ಅಂಕಪತ್ರ ಕೊಡುತ್ತಾರೆ.

ಆದರೆ ದುಡ್ಡು ಕಟ್ಟುವ ಮೊದಲು ಒಂದು ಕೆಲಸ. ಈ ರೀಟೇಕ್‌ನ ಅಂಕಪತ್ರವನ್ನು ಎಲ್ಲಾ ಯೂನಿವರ್ಸಿಟಿಗಳೂ ಒಪ್ಪುವುದಿಲ್ಲ. ನಿಮ್ಮವರು ಒಪ್ಪುತ್ತಾರಾ ಅಂತ ಕೇಳಿ. ಒಪ್ಪದಿದ್ದರೆ ಪೂರ್ತಿ ಪರೀಕ್ಷೆಯನ್ನೇ ಮತ್ತೆ ಬರೆಯಬೇಕು. ಅದರಲ್ಲಿ ಉಳಿದ ಮೂರರಲ್ಲಿ ಕಡಿಮೆಯಾದರೆ ಅಂತ ಭಯ ಇರುತ್ತದೆ ಅಲ್ವಾ, ಅದನ್ನೂ ಒಂದು ಸಲ ಲೆಕ್ಕ ಹಾಕಿ ನೋಡಿ. ಒಟ್ಟು ಅಂಕ ನಾಲ್ಕರ ಸರಾಸರಿ, ಹತ್ತಿರದ ಅರ್ಧಕ್ಕೆ ಸರಿಹೊಂದಿಸುತ್ತಾರೆ, 0.25 ಬಂದರೆ ಮೇಲಿನ ಅರ್ಧಕ್ಕೆ ಏರುತ್ತದೆ. ಈಗ ನಿಮಗೆ ಲಿಸನಿಂಗ್ 7, ರೀಡಿಂಗ್ 6.5, ಸ್ಪೀಕಿಂಗ್ 6.5 ಬಂದಿದೆ ಅಂತ ಇಟ್ಟುಕೊಳ್ಳಿ. ಹೊಸ ಪರೀಕ್ಷೆಯಲ್ಲಿ ರೈಟಿಂಗ್ 6ಕ್ಕೆ ಏರಿ, ಲಿಸನಿಂಗ್ 7ರಿಂದ 6ಕ್ಕೆ ಇಳಿದರೂ ಮೊತ್ತ 25, ಸರಾಸರಿ 6.25, ಅಂದರೆ ಒಟ್ಟು 6.5. ಸಾಕಲ್ವಾ. ಮರುಮೌಲ್ಯಮಾಪನಕ್ಕೂ ಹಾಕಬಹುದು, ಪರೀಕ್ಷೆಯ ದಿನದಿಂದ 6 ವಾರದ ಒಳಗೆ, ಅಂಕ ಬದಲಾದರೆ ಕಟ್ಟಿದ ದುಡ್ಡು ವಾಪಸ್ ಬರುತ್ತದೆ. ಆದರೆ ಅದರ ಉತ್ತರಕ್ಕೆ ಮೂರು ವಾರದವರೆಗೂ ಆಗಬಹುದು, ಏರುತ್ತದೆ ಅನ್ನುವ ಭರವಸೆಯೂ ಇಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ಅದನ್ನು ನಂಬಿ ಜುಲೈ ಕಳೆಯುತ್ತಿರಲಿಲ್ಲ.

ಪ್ರೀ-ಸೆಷನಲ್ ಇಂಗ್ಲಿಷ್ ಕೋರ್ಸ್ ಅಂತ ಇನ್ನೊಂದು ದಾರಿಯನ್ನು ಏಜೆಂಟ್ ಹೇಳಬಹುದು. ಮುಖ್ಯ ಕೋರ್ಸಿಗೆ ಮೊದಲು ಕೆಲವು ವಾರ ಇಂಗ್ಲಿಷ್ ಕಲಿಸಿ, ಪಾಸಾದರೆ ಇಂಗ್ಲಿಷ್ ಕಂಡೀಶನ್ ಮುಗಿಯಿತು ಅನ್ನುತ್ತಾರೆ. ಅವು ಹೆಚ್ಚಾಗಿ ಜೂನ್, ಜುಲೈನಲ್ಲಿ ಶುರುವಾಗುತ್ತವೆ, ಅದಕ್ಕೂ ಮೊದಲು ವೀಸಾ ಬೇಕು. ಡಿಗ್ರಿ ರಿಸಲ್ಟೇ ಬರದ ನಿಮಗೆ ಈ ವರ್ಷ ಅದು ಹೊಂದುವುದಿಲ್ಲ. ಬದಲಿಗೆ ಪಿಯುಸಿ ಇಂಗ್ಲಿಷ್ ಅಂಕ ಒಪ್ಪುತ್ತೀರಾ ಅಂತ ಕೇಳಿ ನೋಡಿ. ಡಿಗ್ರಿ ಮಟ್ಟದ ಕೋರ್ಸುಗಳಿಗೆ ಇಂಗ್ಲಿಷನ್ನು ತಾವೇ ಅಳೆಯುವ ಅವಕಾಶ ಯುಕೆಯ ಯೂನಿವರ್ಸಿಟಿಗಳಿಗೆ ಇದೆ, ಹಾಗಾಗಿ ಕೆಲವರು ಹನ್ನೆರಡನೇ ತರಗತಿಯ ಇಂಗ್ಲಿಷ್ ಅಂಕವನ್ನೇ ಸಾಕು ಅನ್ನುತ್ತಾರೆ. ಯಾವ ಬೋರ್ಡು, ಎಷ್ಟು ಅಂಕ ಅನ್ನುವುದು ಒಬ್ಬೊಬ್ಬರದು ಒಂದೊಂದು ಥರ.

ಹಾಗಾದರೆ ಇವತ್ತಿನ ಮೇಲ್‌ನಲ್ಲಿ ಏನಿರಬೇಕು? ನಿಮ್ಮ ಅರ್ಜಿ ಸಂಖ್ಯೆ ಮೇಲೆಯೇ ಇರಲಿ. ಎಂಟನೇ ಸೆಮ್ ಪರೀಕ್ಷೆ ಮುಗಿದ ದಿನಾಂಕ, ರಿಸಲ್ಟ್ ನಿರೀಕ್ಷಿಸುವ ದಿನಾಂಕ, ಅದಕ್ಕೆ ಸಾಕ್ಷಿಯಾಗಿ ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ. ನಿಮಗೆ ಯಾವ ಬ್ಯಾಕ್‌ಲಾಗೂ ಇಲ್ಲದಿದ್ದರೆ ಅದನ್ನೂ ಈ ಪತ್ರದಲ್ಲಿ ಬರೆಸಿ. ಏಳು ಸೆಮ್‌ಗಳ ಮಾರ್ಕ್ಸ್ ಕಾರ್ಡ್ ಜೊತೆಗಿಡಿ. ಆಮೇಲೆ ನೇರವಾಗಿ ಕೇಳಿ: ಅಂಕದ ಕಂಡೀಶನ್‌ಗೆ ಇಂಥ ದಿನದವರೆಗೆ ಗಡುವು ಕೊಡಿ. "ಸ್ವಲ್ಪ ಸಮಯ ಕೊಡಿ" ಅಂದರೆ ಅವರು ಏನೂ ಮಾಡಲಾರರು, "ಆಗಸ್ಟ್ 21" ಅಂದರೆ ಹೌದು ಅಥವಾ ಇಲ್ಲ ಅನ್ನಬಹುದು. ಯಾವ ದಾಖಲೆ ಸಾಕು, ರೀಟೇಕ್ ಒಪ್ಪುತ್ತೀರಾ, ಸಿಜಿಪಿಎ ನೋಡುತ್ತೀರಾ ಶೇಕಡಾ ನೋಡುತ್ತೀರಾ, ಕ್ಯಾಸ್‌ಗೆ ಮತ್ತು ಸೇರಲು ಕೊನೇ ದಿನ ಯಾವುದು, ಇವಿಷ್ಟು ಪ್ರಶ್ನೆ ಅದೇ ಮೇಲ್‌ನಲ್ಲಿರಲಿ. ಇದು ಜುಲೈ 31ಕ್ಕೆ ಮೊದಲೇ, ಸಾಧ್ಯವಾದರೆ ಈ ವಾರವೇ ಅವರ ಕೈ ಸೇರಬೇಕು. ಗಡುವು ಮುಗಿದ ಮೇಲೆ ಕೇಳಿದರೆ ಅದು ವಿಸ್ತರಣೆ ಆಗುವುದಿಲ್ಲ, ಬಿಟ್ಟುಹೋದ ಸೀಟನ್ನು ವಾಪಸ್ ಕೇಳಿದ ಹಾಗಾಗುತ್ತದೆ. ಏಜೆಂಟ್‌ಗೂ ಪ್ರತಿ ಕಳಿಸಿ, ಬೇಡ ಅನ್ನುವುದಿಲ್ಲ. ಆದರೆ ಪೋರ್ಟಲ್‌ನ ಲಾಗಿನ್ ನಿಮ್ಮ ಹತ್ತಿರ ಇರಲಿ, ಅರ್ಜಿಯಲ್ಲಿರುವ ಮೇಲ್ ವಿಳಾಸ ನಿಮ್ಮದೇ ಆಗಿರಲಿ. ಎಷ್ಟೋ ಅರ್ಜಿಗಳಲ್ಲಿ ಏಜೆಂಟರ ಆಫೀಸಿನ ವಿಳಾಸ ಇರುತ್ತದೆ, ಯೂನಿವರ್ಸಿಟಿಯ ಎಚ್ಚರಿಕೆ ಅಲ್ಲೇ ಉಳಿದುಬಿಡುತ್ತದೆ.

ರಿಸಲ್ಟ್‌ಗೆ ಕಾಯುವಾಗ ಬೇರೆ ಕೆಲಸ ನಿಲ್ಲಿಸಬೇಡಿ. ಮುಖ್ಯವಾಗಿ ದುಡ್ಡಿನದ್ದು. ವೀಸಾಗೆ ತೋರಿಸುವ ಉಳಿತಾಯದ ಹಣ ಖಾತೆಯಲ್ಲಿ ಸತತ 28 ದಿನ ಇರಬೇಕು, ಒಂದು ದಿನವೂ ಆ ಮೊತ್ತಕ್ಕಿಂತ ಕೆಳಗಿಳಿಯಬಾರದು. ಸೆಪ್ಟೆಂಬರ್ 5ರ ಸುಮಾರಿಗೆ ಅರ್ಜಿ ಹಾಕುವುದಾದರೆ ಆಗಸ್ಟ್ ಮೊದಲ ವಾರವೇ ಹಣ ಅಲ್ಲಿ ಕೂತಿರಬೇಕು, ಅಂದರೆ ನಿಮ್ಮ ರಿಸಲ್ಟ್ ಬರುವ ಮೊದಲೇ. ಅನ್‌ಕಂಡೀಶನಲ್ ಆದ ಮೇಲೆ ದುಡ್ಡು ಹೊಂದಿಸೋಣ ಅಂತ ಕೂತವರಿಗೆ ಕ್ಯಾಸ್ ಬಂದರೂ ಅರ್ಜಿ ಹಾಕಲು ಆಗುವುದಿಲ್ಲ. ಹಣ ಅಪ್ಪ ಅಮ್ಮನ ಖಾತೆಯಲ್ಲಿದ್ದರೆ ಜನನ ಪ್ರಮಾಣ ಪತ್ರ ಮತ್ತು ಅವರ ಒಪ್ಪಿಗೆ ಪತ್ರ ಬೇಕು. ಜನನ ಪ್ರಮಾಣ ಪತ್ರದಲ್ಲಿ ಅಪ್ಪನ ಹೆಸರು, ಪಾಸ್‌ಪೋರ್ಟಿನಲ್ಲಿರುವ ಹೆಸರು ಒಂದೇ ಥರ ಇದೆಯಾ ನೋಡಿ, ಇನಿಷಿಯಲ್ ಬಿಡಿಸಿ ಬರೆದದ್ದು ಒಂದರಲ್ಲಿ, ಬಿಡಿಸದ್ದು ಇನ್ನೊಂದರಲ್ಲಿ ಇರುವುದು ನಮ್ಮ ಕಡೆ ಬಹಳ. ಬ್ಯಾಂಕಿನ ಎಜುಕೇಶನ್ ಲೋನ್ ಆದರೆ ಈ 28 ದಿನದ ಲೆಕ್ಕ ಇಲ್ಲ, ಬ್ಯಾಂಕಿನ ಪತ್ರ ಅರ್ಜಿಯ ದಿನಕ್ಕೆ 6 ತಿಂಗಳ ಒಳಗಿನದ್ದಾಗಿರಬೇಕು ಅಷ್ಟೇ. ಟಿಬಿ ಪರೀಕ್ಷೆಯ ಸರ್ಟಿಫಿಕೇಟೂ 6 ತಿಂಗಳು ನಡೆಯುತ್ತದೆ, ಅದನ್ನು ಜುಲೈನಲ್ಲೇ ಮಾಡಿಸಿ ಇಟ್ಟುಕೊಳ್ಳಿ. ನಿಮ್ಮ ಆಫರ್‌ನಲ್ಲಿ ಅಟಾಸ್ ಅಂತ ಒಂದು ಕಂಡೀಶನ್ ಇದೆಯಾ ಅಂತಲೂ ನೋಡಿ. ಎಂಜಿನಿಯರಿಂಗ್‌ನ ಕೆಲವು ವಿಷಯಗಳಿಗೆ ಬ್ರಿಟಿಷ್ ಸರ್ಕಾರದ ಆ ಅನುಮತಿ ಬೇಕು, ವಾರಗಟ್ಟಲೆ ಹಿಡಿಯುತ್ತದೆ. ಒಳ್ಳೆಯದೇನೆಂದರೆ ಅದಕ್ಕೆ ಕಂಡೀಶನಲ್ ಆಫರ್ ಇರುವಾಗಲೇ ಅರ್ಜಿ ಹಾಕಬಹುದು.

ಕ್ಯಾಸ್ ಬಂದಾಗ ಅದರಲ್ಲಿ ಒಂದು ಸಾಲು ಹುಡುಕಿ. ನಿಮ್ಮನ್ನು ಯಾವ ದಾಖಲೆ ನೋಡಿ ಸೇರಿಸಿಕೊಂಡರು ಅಂತ ಅಲ್ಲಿ ಬರೆದಿರುತ್ತಾರೆ. ವೀಸಾ ಅರ್ಜಿಗೆ ಅದೇ ದಾಖಲೆ ಕೊಡಬೇಕು. ಅಲ್ಲಿ ಪಿಡಿಸಿ ಅಂತ ಇದ್ದು ನೀವು ಬರೀ ಮಾರ್ಕ್ಸ್ ಕಾರ್ಡ್ ಹಾಕಿದರೆ ತೊಂದರೆ. ರೀಟೇಕ್ ಆಗಿದ್ದರೆ ಹೊಸ ಅಂಕಪತ್ರದ ಸಂಖ್ಯೆ ಇದೆಯಾ, ಹಳೆಯದಾ ಅಂತ ಹೋಲಿಸಿ. ತಪ್ಪಿದ್ದರೆ ಅರ್ಜಿ ಹಾಕುವ ಮೊದಲೇ ಯೂನಿವರ್ಸಿಟಿಗೆ ಹೇಳಿ ಸರಿ ಮಾಡಿಸಬೇಕು.

ಕೊನೆಗೆ, ಅಂಕವೇ ಕಡಿಮೆ ಬಂತು ಅನ್ನಿ, 60ಕ್ಕೆ 58.7. ಆ ದಿನವೇ ಮಾರ್ಕ್ಸ್ ಕಾರ್ಡ್ ಸಮೇತ ತಿಳಿಸಿ, ಇದನ್ನು ಪರಿಗಣಿಸಬಹುದಾ ಅಂತ ಕೇಳಿ. ಸೀಟು ಉಳಿದಿದ್ದರೆ ಒಂದೆರಡು ಅಂಕ ಬಿಟ್ಟುಕೊಡುವ ಯೂನಿವರ್ಸಿಟಿಗಳಿವೆ, ಅಥವಾ ಹತ್ತಿರದ ಇನ್ನೊಂದು ಕೋರ್ಸಿಗೆ ಆಫರ್ ಬದಲಿಸಿ ಕೊಡುತ್ತಾರೆ. ರೀವ್ಯಾಲ್ಯುವೇಶನ್‌ಗೆ ಹಾಕಿ, ಆದರೆ ಅದು ಸೆಪ್ಟೆಂಬರ್‌ಗೆ ಸಿಗುವುದು ಕಷ್ಟ. ಆಗ ಡಿಫರಲ್ ಕೇಳಬೇಕು, ಅಂದರೆ ಅದೇ ಆಫರನ್ನು ಜನವರಿಗೆ ಅಥವಾ ಮುಂದಿನ ಸೆಪ್ಟೆಂಬರ್‌ಗೆ ಮುಂದೂಡುವುದು. ಎಲ್ಲಾ ಕೋರ್ಸುಗಳಿಗೂ ಜನವರಿ ಬ್ಯಾಚ್ ಇರುವುದಿಲ್ಲ. ಮುಂದೂಡಿದರೆ ಡೆಪಾಸಿಟ್ ಹಾಗೇ ಮುಂದುವರಿಯುತ್ತದಾ, ಫೀಸು ಹೊಸ ವರ್ಷದ ದರಕ್ಕೆ ಬದಲಾಗುತ್ತದಾ, ಸ್ಕಾಲರ್‌ಶಿಪ್ ಉಳಿಯುತ್ತದಾ ಅಂತ ಮೂರನ್ನೂ ಬರಹದಲ್ಲಿ ಕೇಳಿ. ಹೋಗುವುದೇ ಇಲ್ಲ ಅಂತಾದರೆ, ಕಂಡೀಶನ್ ಪೂರೈಸಲಾಗದವರಿಗೆ ಡೆಪಾಸಿಟ್ ವಾಪಸ್ ಕೊಡುವ ನಿಯಮ ಬಹಳ ಕಡೆ ಇದೆ, ಆದರೆ ಇಂಥ ದಿನದೊಳಗೆ ಅಂಕಪಟ್ಟಿ ತೋರಿಸಿ ಅರ್ಜಿ ಕೊಡಬೇಕು ಅಂತಲೂ ಅದರಲ್ಲೇ ಇರುತ್ತದೆ. ಡೆಪಾಸಿಟ್ ಕಟ್ಟಿದಾಗ ನೀವು ಟಿಕ್ ಹಾಕಿದ ಷರತ್ತುಗಳ ಪುಟವನ್ನು ಈಗ ತೆರೆದು, ಆ ದಿನಾಂಕವನ್ನೂ ಉಳಿದ ಮೂರರ ಪಕ್ಕ ಬರೆದಿಟ್ಟುಕೊಳ್ಳಿ.